ವಿನಯಾಳ ರವಿಕೆಯ ತೋಳು

ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಚಂದ್ರಮತಿಯ ಲೇಡೀಸ್ ಟೈಲರಿಂಗ್ ಅಂಗಡಿ. ಮದುವೆ ರವಿಕೆ ಹೊಲಿಸಲು ಬರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹಾಲ್ ಬುಕ್ ಮಾಡಲು ವರ್ಷದ ಹಿಂದೆಯೇ ಓಡುತ್ತಾರೆ, ಅಡುಗೆಯವರ ಕಾಲು ಹಿಡಿಯುತ್ತಾರೆ, ಟೈಲರ್ ಮಾತ್ರ ಮನೆಯ ಹಿತ್ತಿಲಲ್ಲಿ ಬೆಳೆಯುತ್ತಾಳೆ ಎಂದುಕೊಂಡಿದ್ದಾರೆ! ಇಂಥವರಿಗೆಂದೇ ಅವಳು ಫೋನಿನಲ್ಲಿ ಒಂದು ಮೆಸೇಜ್ ಬರೆಯುತ್ತಾಳೆ, ಮದುವೆಯಿಂದ ಹಿಂದಕ್ಕೆ ಲೆಕ್ಕ ಹಾಕಿ.

ನಾವುಂದದ ಮೀನು ಮಾರುವ ಸೀತುವಿನ ಮಗಳು ವಿನಯಾಳ ಮದುವೆಗೂ ಬರೆದಿದ್ದಳು: 'ಮದುವೆ ಮೇ 17, ಭಾನುವಾರ. ರವಿಕೆ ಕೊಡುವುದು 14, ಗುರುವಾರ. ಎರಡನೇ ಟ್ರಯಲ್ 11, ಸೋಮವಾರ. ಮೊದಲ ಟ್ರಯಲ್ 4, ಸೋಮವಾರ. ಟ್ರಯಲಿಗೆ ಮದುಮಗಳೇ ಬರಬೇಕು. ತೋಳಿನ ಉದ್ದ ಟ್ರಯಲಿನಲ್ಲಿ ನೋಡಿಯೇ ಕತ್ತರಿಸುವುದು. ಅಂಚು ಹಚ್ಚುವುದು ಆಮೇಲೆ.'

ಮೆಸೇಜ್ ಹೋದದ್ದು ಹುಡುಗಿಯ ಸೋದರಮಾವ ಲೀಲಾಧರನಿಗೆ. ಮುಂಬೈಯಲ್ಲಿ ಹೋಟೆಲ್ ಇರುವವನು, ಮದುವೆಯ ಯಜಮಾನಿಕೆ ತಾನೇ ಹೊತ್ತವನು. ಹೊತ್ತದ್ದು ಹೆಗಲ ಮೇಲಲ್ಲ, ಬಾಯಲ್ಲಿ. ಅವನ ಉತ್ತರ ವಾಯ್ಸ್ ಮೆಸೇಜಾಗಿ ಬಂತು.

"ಹ್ವಾಯ್ ಚಂದ್ರಕ್ಕ, ಹೆಣ್ಣಿಗೆ ಪುರ್ಸೊತ್ತಿಲ್ಲೆ. ಅಳ್ತಿ ರವ್ಕಿ ಕಳ್ಸಿದ್ನಲೆ, ಹಾಂಗೇ ಹೊಲ್ದ್ ಕೊಡಿ. ತೋಳ್ ಉದ್ದವೇ ಆಯ್ಕ್. ಬೊಂಬಾಯಂಗೆ ಇಷ್ಟೆಲ್ಲ ನಾಟ್ಕ ಇಲ್ಲೆ."

ಅಳತೆ ರವಿಕೆ! ಈ ಸೀಮೆಯವರ ದೊಡ್ಡ ರೋಗ ಅದು. ಯಾವುದೋ ಹಳೆಯ ರವಿಕೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದರೆ ಮೈಯೇ ಕಳಿಸಿದ ಹಾಗೆ. ನಿಶ್ಚಿತಾರ್ಥಕ್ಕೆ ತೊಟ್ಟ ಆ ರವಿಕೆಯನ್ನು ಚಂದ್ರಮತಿ ತಿರುಗಿಸಿ ನೋಡಿದಳು. ಮಣಿಕಟ್ಟಿನವರೆಗೆ ತೋಳು, ಎರಡೂ ಬದಿ ಬಿಚ್ಚಿ ಮತ್ತೆ ಹಿಡಿದ ಹೊಲಿಗೆ. ಯಾರದ್ದನ್ನೋ ಬೇಡಿ ತೊಟ್ಟದ್ದು ಕುರುಡನಿಗೂ ಗೊತ್ತಾಗುತ್ತಿತ್ತು. ಥೂ, ಹೋಟೆಲ್ ಧಣಿಗಳ ಸೋದರಸೊಸೆ!

ಅವಳು ರವಿಕೆಯ ಮೈ ಭಾಗ ಮಾತ್ರ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿದಳು. ತೋಳಿನ ಬಟ್ಟೆಗೆ ಕತ್ತರಿ ತಾಗಿಸಲಿಲ್ಲ. ನಾಲ್ಕನೇ ತಾರೀಕು ಯಾರೂ ಬರಲಿಲ್ಲ.

ಮರುದಿನ ಮೀನು ಮಾರ್ಕೆಟಿನಲ್ಲಿ ಸೀತು ಸಿಕ್ಕಳು. "ನಿನ್ ಮಗ್ಳ್ ಮಹಾರಾಣಿಯಾ? ಮದ್ವಿ ದಿನ ಹಿಂದೆ ಸರಿತಿಲ್ಲೆ ಮಾರಾಯ್ತಿ, ನಾಳಿಕ್ ಕಳ್ಸ್," ಎಂದು ಬೈದೇ ಬಂಗುಡೆ ಕೊಂಡಳು. ಸೀತು ಎರಡು ಮೀನು ಹೆಚ್ಚು ಹಾಕಿದಳು.

ವಿನಯಾ ಬಂದಳು, ಬಸ್ಸಿನಲ್ಲಿ, ಒಬ್ಬಳೇ. ಬಾಯಿಲ್ಲದ ಗೊಂಬೆ ಎಂದು ಚಂದ್ರಮತಿ ಒಳಗೊಳಗೇ ಮೂಗು ಮುರಿದಳು. ಪರದೆಯ ಹಿಂದೆ ರವಿಕೆ ತೊಡಿಸಿದಾಗ ಬಲಗೈ ಕಾಣಿಸಿತು. ಮೊಣಕೈ ಮೇಲಿಂದ ಕೆಳಗಿನವರೆಗೆ ಸುಟ್ಟ ಕಲೆ, ಸುಕ್ಕಿದ ಚರ್ಮ.

ಓಹೋ, ಇದಕ್ಕೇ ಉದ್ದ ತೋಳು. ಇಷ್ಟು ನಾಚಿಕೆಯವಳಿಗೆ ಬಾಯಿ ಬಿಟ್ಟು ಹೇಳಲಿಕ್ಕೆ ಏನಾಗಿತ್ತು? ಚಂದ್ರಮತಿ ಟೇಪನ್ನು ಮಣಿಕಟ್ಟಿಗೆ ಎಳೆದಳು.

"ಚಂದ್ರಕ್ಕ, ಉದ್ದ ಬ್ಯಾಡ. ಮೊಣಕೈ ಮೇಲೇ ನಿಲ್ಲಿಸಿ."

"ಕಲೆ ಕಾಣ್ತ್ ಅಲ್ದನಾ?"

"ಕಾಣ್ಲಿ. ಮದ್ವಿ ಗಂಡ್ ಮೊದ್ಲೇ ಕಂಡಿದ್ರ್, ಅವ್ರಿಗೆ ಎಂತದೂ ಇಲ್ಲೆ." ಅವಳು ಕನ್ನಡಿಯಲ್ಲಿ ತನ್ನ ಕೈಯನ್ನೇ ನೋಡಿದಳು. "ಎಂಟನೇ ಕ್ಲಾಸ್ ಬಿಡ್ಸಿ, ಓದ್ಸ್ತೆ ಅಂದೇಳಿ ಮಾವ ಬೊಂಬಾಯಿಗ್ ಕರ್ಕಂಡ್ ಹೋದ್ರ್. ಹೋಟ್ಲ್ ಕೆಲ್ಸಕ್ ಹಾಕಿದ್ರ್. ಅಲ್ಲಿ ಬಾಣ್ಲಿ ಎಣ್ಣಿ ಬಿದ್ದದ್ದ್ ಇದ್. ಆಸ್ಪತ್ರಿಗೂ ಕರ್ಕಂಡ್ ಹೋಯ್ಲಿಲ್ಲೆ. ಜನ ಕಂಡ್ ಕೇಂತ್ರ್ ಅಂದೇಳಿ ಅವ್ರಿಗೇ ಹೆದ್ರಿಕಿ."

ಗೊಂಬೆ ಎಂದುಕೊಂಡ ತನ್ನ ಬುದ್ಧಿಗಷ್ಟು ಬೆಂಕಿ ಹಾಕ! ಚಂದ್ರಮತಿ ಟೇಪನ್ನು ಮೊಣಕೈ ಮೇಲಕ್ಕೆ ತಂದಳು.

"ಕೈ ಎತ್ತ್ ಕಾಂಬ. ಹಾರ ಹಾಕುಕೆ ಎತ್ತುಕಾತ್ತಾ?"

ವಿನಯಾ ಎರಡೂ ಕೈ ಪೂರ್ತಿ ಎತ್ತಿದಳು. ಚಂದ್ರಮತಿ ಚಾಕ್ ಎಳೆದು, ಅವಳೆದುರೇ ಕತ್ತರಿಸಿದಳು. ಹನ್ನೊಂದರ ಟ್ರಯಲಿನಲ್ಲಿ ಕಂಕುಳ ಹತ್ತಿರ ಸ್ವಲ್ಪ ಸಡಿಲಿಸಿದ್ದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಆಮೇಲೆ ಅಂಚು, ಹುಕ್ಕು, ಕೈಹೊಲಿಗೆ.

ಗುರುವಾರ ರವಿಕೆ ಒಯ್ಯಲು ಲೀಲಾಧರನೇ ಕಾರು ತಂದ. ಸೆಂಟಿನ ವಾಸನೆ ಅವನಿಗಿಂತ ಮೊದಲು ಒಳಗೆ ಬಂತು. ಪೊಟ್ಟಣ ಬಿಚ್ಚಿದವನ ಮುಖ ಕಪ್ಪಿಟ್ಟಿತು.

"ತೋಳೆಲ್ಲಿ? ಉದ್ದ ಹೇಳಿದ್ನಲೆ ನಾನ್!"

"ರವ್ಕಿ ತೊಡುದ್ ನೀವಾ?"

"ಉಳ್ದ ಬಟ್ಟಿ ಕೂಡ್ಸಿ ಹೊಲ್ದ್ ಕೊಡಿ. ಇನ್ನೂ ಟೈಮಿತ್ತಲೆ."

"ಉಳ್ದ ಬಟ್ಟಿ ಮದಿಮಗ್ಳೇ ತಕಂಡ್ ಹೋಯ್ತ್."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮದ್ವಿ ಹಾಲಂಗೆ ಜನ ಆ ಕೈ ಕಂಡ್, ಎಂತ ಆದ್ದ್ ಅಂತ ಕೇಂಡ್ರೆ?"

ಚಂದ್ರಮತಿ ರವಿಕೆಯನ್ನು ನೀಟಾಗಿ ಮಡಚಿ ಅವನ ಕೈಗಿಟ್ಟಳು.

"ಯಜಮಾನ್ರ್ ನೀವೇ ಅಲ್ದಾ? ನೀವೇ ಹೇಳಿ."