ನುಗ್ಗೆಕಾಯಿಯ ಫೋಟೊ ಓದಿದವರು

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಪಿರಿಯಾಪಟ್ಟಣದಲ್ಲಿ ರೈತರಿಗೆ ತೋಟದ ಬೆಳೆಗಳ ಬಗ್ಗೆ ಸಲಹೆ ಹೇಳುವುದು ನನ್ನ ನೌಕರಿ. ಓದಿ ಬಂದವನೆಂಬ ಜಂಬ ತಲೆಗೇರಿತ್ತು. ಯಾರಾದರೂ ಎದುರು ಮಾತಾಡಿದರೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

ಹಾರನಹಳ್ಳಿ ಕಡೆಯ ಒಬ್ಬ ಹೆಂಗಸು ಗಂಡನ ಜೊತೆ ಜಗಳವಾಡಿ, ಹೊಗೆಸೊಪ್ಪು ಬೆಳೆಯುತ್ತಿದ್ದ ಹೊಲದ ಒಂದು ಭಾಗದಲ್ಲಿ ನುಗ್ಗೆ ಹಾಕಿದ್ದರು. ನೆಟ್ಟ ವರ್ಷವೇ ಕಾಯಿ ಬಿಡುವ ಗಿಡ್ಡ ಜಾತಿ. ಮೊದಲ ಕೊಯ್ಲು ಒಳ್ಳೆಯ ಬೆಲೆಗೆ ಹೋಗದಿದ್ದರೆ ಮರಗಳನ್ನು ಕಡಿದು ಮತ್ತೆ ಹೊಗೆಸೊಪ್ಪೇ ಹಾಕುವುದೆಂದು ಗಂಡ ಹೇಳಿಬಿಟ್ಟಿದ್ದ. ಆಕೆ ಅದಕ್ಕೆ ಒಪ್ಪಿದ್ದರು. ಬೇರೆ ದಾರಿ ಇರಲಿಲ್ಲ.

ಕೆ.ಆರ್. ನಗರದ ಒಬ್ಬ ಅಡುಗೆ ಕಂಟ್ರಾಕ್ಟರಿಗೆ ದೊಡ್ಡ ಮದುವೆಯೊಂದರ ಸಾಂಬಾರಿಗೆ ಎಳೆ ನುಗ್ಗೆಕಾಯಿ ಬೇಕಿತ್ತು. ಆತನದೊಂದು ಕಟ್ಟುನಿಟ್ಟು. ಚೀಲದಲ್ಲಿ ತಂದ ಮಾದರಿ ನೋಡುತ್ತಿರಲಿಲ್ಲ. ತೋಟದವರು ಇದ್ದುದರಲ್ಲಿ ಚೆನ್ನಾಗಿರುವ ಹತ್ತು ಕಾಯಿ ಆರಿಸಿ ತರುತ್ತಾರೆ, ಲೋಡು ಬಂದಾಗ ಬೇರೆಯೇ ಇರುತ್ತದೆ ಎಂಬುದು ಆತನ ಅನುಭವ. ಅದಕ್ಕೇ ಮರದ ಮೇಲಿರುವ ಕಾಯಿಯ ಫೋಟೊ ಕೇಳುತ್ತಿದ್ದ.

ಊರಿನ ಸ್ಟುಡಿಯೊದವನು ಹೋಗಿ ಫೋಟೊ ತೆಗೆದ. ಮದುಮಕ್ಕಳ ಮುಖ ಒರೆಸಿ ಪೌಡರ್ ಹಚ್ಚಿಸಿ ಅಭ್ಯಾಸವಾಗಿದ್ದವನು ಇಲ್ಲಿಯೂ ಕಾಯಿಗಳನ್ನು ಕರ್ಚೀಫಿನಲ್ಲಿ ನೀಟಾಗಿ ಒರೆಸಿ ಫ್ಲಾಶ್ ಹೊಡೆದಿದ್ದ. ಆ ವಿಷಯ ನನಗೆ ಆಮೇಲೆ ಗೊತ್ತಾಗಿದ್ದು. ಪ್ರಿಂಟು ನೋಡಿದವನೇ, ಕಾಯಿ ಎಳೆಯದು, ರೋಗವಿಲ್ಲ ಎಂದು ಬರೆದು ಸಹಿ ಹಾಕಿಕೊಟ್ಟೆ. ಸಾಲದ್ದಕ್ಕೆ ಭಾನುವಾರ ಗಂಡ ಹೆಂಡತಿಯ ಜೊತೆ ನಾನೂ ಬಸ್ಸು ಹತ್ತಿದೆ.

ಕಲ್ಯಾಣ ಮಂಟಪದ ಹಿಂದೆ ಕುಂಬಳಕಾಯಿ ಹೆಚ್ಚಿಸುತ್ತಿದ್ದ ಕಂಟ್ರಾಕ್ಟರು ಕೈ ಒರೆಸಿಕೊಂಡು ಫೋಟೊ ತೆಗೆದುಕೊಂಡ. ನನ್ನ ಚೀಟಿಯನ್ನು ಓದಲೇ ಇಲ್ಲ.

"ಎದುರಿಂದ ಲೈಟ್ ಹೊಡೆದವ್ನೆ ಸಾರ್. ಬೀಜದ ಉಬ್ಬು ಕಾಣಕ್ಕಿಲ್ಲ. ಬಲಿತಿರೋ ಕಾಯೂ ಇದರಾಗೆ ಎಳೇದಾಗೇ ಕಾಣ್ತದೆ" ಎಂದ. ಆಮೇಲೆ ಒಂದು ಕಾಯಿಯ ಮೇಲೆ ಉಗುರಿಟ್ಟ. "ಯಾರೋ ಒರೆಸವ್ರೆ. ನೋಡಿ, ತುದಿ ಕಡೆಯಿಂದ ಅಂಟು ಸವರಿದಂಗೆ ಒಂದು ಗೆರೆ ಮಿಂಚ್ತಾ ಐತೆ."

ನಾನು ಫೋಟೊ ಕಿತ್ತುಕೊಂಡೆನೆಂದೇ ಹೇಳಬೇಕು. ಗೆರೆ ಇತ್ತು. ಅದರ ಹಿಂದೆ, ಸ್ಟುಡಿಯೊದವನ ಕೈಗೆ ಸಿಗದೆ ನೇತಾಡುತ್ತಿದ್ದ ಕಾಯಿಯೊಂದರ ತುದಿಯಲ್ಲಿ ಕಂದು ಹನಿಯೂ ಇತ್ತು. ಅದೇ ಫೋಟೊವನ್ನು ನಾನು ಮೂರು ಸಲ ನೋಡಿದ್ದೆ. ನಾಚಿಕೆಗಿಂತ ಬೆರಗೇ ಹೆಚ್ಚಾಯಿತು.

"ಒರೆಸ್ದೆ, ಬೆಳಿಗ್ಗೆ ಎಳೆ ಬಿಸಿಲಲ್ಲಿ ಪಕ್ಕದಿಂದ ತೆಗೀರಿ. ಅಮ್ಮ, ನೀವು ಪ್ರತಿ ಕಾಯಿ ಪಕ್ಕ ಕೈ ಇಡಿ, ದಪ್ಪ ಗೊತ್ತಾಯ್ತದೆ" ಎಂದ ಆತ. ಮದುವೆಗೆ ಇನ್ನೂ ಹತ್ತು ದಿನವಿತ್ತು.

ಈ ಸಲ ಕ್ಯಾಮೆರಾ ಹಿಡಿದವನು ನಾನೇ. ರೀಲು ತೊಳೆಸಲು ಮೈಸೂರಿಗೆ ಕಳಿಸಿ, ಪ್ರಿಂಟು ಬಂದ ಮೇಲೆ ಮೂವರೂ ಮತ್ತೆ ಕೆ.ಆರ್. ನಗರಕ್ಕೆ ಹೋದೆವು. ಕಂಟ್ರಾಕ್ಟರು ಬಾಳೆಲೆ ಹಾಸಿ ಅದರ ಮೇಲೆ ಫೋಟೊಗಳನ್ನು ಹರಡಿದ. ಎಲ್ಲಿ ನೋಡಿದರೂ ಅಂಟು.

"ಪೂರ್ತಿ ತೋಟಕ್ಕೆ ಕಾಯಿ ನೊಣ ಬಿದ್ದಿದೆ" ಎಂದುಬಿಟ್ಟೆ. ನೊಣ ಎಳೆಗಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಹುಳ ಒಳಗೆ ಸೇರಿ ತಿರುಳು ಕೊಳೆಸುತ್ತದೆ, ಅಂಟು ಒಸರುತ್ತದೆ. ಪಾಠ ನನಗೆ ಬಾಯಿಪಾಠವಾಗಿತ್ತು.

ಗಂಡ, ಹೆಂಡತಿಯ ಕಡೆ ನೋಡದೆ, "ಸರಿ ಬುಡಿ, ಕಡಿಸ್ಬುಡ್ತೀನಿ" ಎಂದ.

"ತಡೀರಿ" ಎಂದ ಕಂಟ್ರಾಕ್ಟರು. ಒಂದು ಫೋಟೊದಲ್ಲಿ ಕಾಯಿಯ ನಡುವೆ ಅಂಟಿತ್ತು, ತುದಿ ಹಸಿರಾಗಿ ನೆಟ್ಟಗಿತ್ತು. ಕೊಂಬೆಗೆ ಉಜ್ಜಿ ತರಚಿದ ಗುರುತು ಪಕ್ಕದಲ್ಲೇ ಕಾಣುತ್ತಿತ್ತು. "ಇದು ಗಾಳಿಗೆ ಉಜ್ಜಿರೋದು. ನೊಣದ್ದು ಅಂದ್ರೆ ಇದು ನೋಡಿ" ಎಂದು ಇನ್ನೊಂದನ್ನು ಎತ್ತಿದ. ಅದರ ತುದಿ ಒಣಗಿ ಸೀಳಿತ್ತು, ಸೀಳಿನಿಂದಲೇ ಅಂಟು ಇಳಿದಿತ್ತು. ಒಂದೊಂದಾಗಿ ಎರಡು ಗುಡ್ಡೆ ಮಾಡಿದ. ಚೊಕ್ಕಟವಿದ್ದ ಗುಡ್ಡೆಯಲ್ಲಿ, ಆಕೆಯ ಕಿರುಬೆರಳಿಗಿಂತ ಸಣ್ಣಗಿದ್ದ ಕಾಯಿಗಳನ್ನು ಆರಿಸಿ ಎತ್ತಿಟ್ಟ. ನನಗೆ ಅವು ತೀರಾ ಸಣಕಲು ಎನ್ನಿಸಿತು. "ಫೋಟೊ ತೆಗೆದ ದಿನ ಹಿಂಗಿದ್ವು ಸಾರ್. ಮದುವೆ ದಿನಕ್ಕೆ ಸರಿಯಾಗಿ ತುಂಬ್ಕೊಂಡಿರ್ತವೆ. ಇವತ್ತು ನಿಮಗೆ ಚೆಂದ ಕಾಣ್ತಿರೋವು ಆವತ್ತಿಗೆ ನಾರು." ಫೋಟೊದಲ್ಲಿ ಇಲ್ಲದ ದಿನವನ್ನು ಆತ ನೋಡುತ್ತಿದ್ದ.

ಅಷ್ಟರಲ್ಲಿ, ಇಲ್ಲಿಯವರೆಗೆ ತುಟಿ ಬಿಚ್ಚದ ಆಕೆ ಬಾಳೆಲೆಯ ಪಕ್ಕ ಕೂತರು. "ಇದು ಪಂಪ್‌ಸೆಟ್ ಪಕ್ಕದ ಮರದ್ದು. ಇದು ಬದುವಿನ ಮೂರನೇದು. ಇದು ಅದರ ಆಚೆದು" ಎನ್ನುತ್ತಾ ಫೋಟೊಗಳ ಮೇಲೆ ಬೆರಳಾಡಿಸಿದರು. ಆ ಫೋಟೊಗಳಲ್ಲಿ ಇದ್ದುದು ಕಾಯಿ, ಒಂದಿಷ್ಟು ಎಲೆ, ಆಕೆಯದೇ ಕೈ. ಫೋಟೊ ತೆಗೆದ ನನಗೇ ಯಾವುದು ಯಾವ ಮರವೆಂದು ಗೊತ್ತಿರಲಿಲ್ಲ. ಹೇಗೆ ಗುರುತು ಹಿಡಿದಿರೆಂದು ಕೇಳಿದೆ. "ದಿನಾ ನೋಡ್ತೀನಲ್ಲ ಸಾ" ಎಂದರು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ. ಆ ದಿನ ಆದಂಥ ಬೆರಗು ಜೀವನದಲ್ಲಿ ಮತ್ತೆ ಆಗಿಲ್ಲ.

ಮಾತು ಮುಗಿಯುವಷ್ಟರಲ್ಲಿ ಆಕೆಗೆ ಇನ್ನೊಂದೂ ಹೊಳೆದಿತ್ತು. ತುದಿ ಸೀಳಿದವೆಲ್ಲ ಬದುವಿನ ಸಾಲಿನ ಮರಗಳವು. ಆಕೆಯ ಮುಖ ಇಳಿಯಿತು.

"ನಂದೇ ತಪ್ಪು" ಎಂದರು ಗಂಡನಿಗೆ. "ಉದುರಿದ ಕಾಯೆಲ್ಲಾ ಗುಡಿಸಿ ಬದುವಿನ ಮರದ ಬುಡಕ್ಕೇ ಹಾಕ್ತಿದ್ದೆ, ಗೊಬ್ಬರ ಆಗ್ಲಿ ಅಂತ."

ಉದುರಿದ ಕಾಯಿಯಲ್ಲಿದ್ದ ಹುಳವೆಲ್ಲ ಮಣ್ಣಿಗಿಳಿದು, ಅಲ್ಲೇ ಕೋಶ ಕಟ್ಟಿ, ನೊಣವಾಗಿ ಎದ್ದು ಅದೇ ಮರಗಳ ಎಳೆಗಾಯಿಗೆ ಮೊಟ್ಟೆ ಇಟ್ಟಿತ್ತು. ಬೇಸಗೆಯಲ್ಲಿ ಅವರ ಊರಿನ ಅರಳೀಕಟ್ಟೆಯ ಮೇಲೆ ನಿಂತು, ಉದುರಿದ್ದೇನನ್ನೂ ಹೊರಗೆ ಎಸೆಯಬೇಡಿ, ಮರದ ಬುಡಕ್ಕೇ ಹಾಕಿ ಎಂದು ಭಾಷಣ ಮಾಡಿದವನು ನಾನು. ಆಕೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಈಗ ನನ್ನ ಕಡೆ ಒಮ್ಮೆ ನೋಡಿದರು. ಮರ ಹೋದರೂ ಸರಿ, ಎಲ್ಲರ ಎದುರು ನನ್ನ ಮಾನ ಹೋಗಬಾರದೆಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು.

ಸುಮ್ಮನಿದ್ದರೆ ನಡೆಯುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಕೂಡ, ಅದನ್ನು ಮುಚ್ಚಿಡುವುದಿಲ್ಲ.

"ಹಾಗೆ ಮಾಡಿ ಅಂದಿದ್ದು ನಾನು" ಎಂದೆ. "ರೋಗದ ಕಾಯಿ ಬೇರೆ ಮಾಡಬೇಕು ಅಂತ ಹೇಳಲಿಲ್ಲ. ತಪ್ಪು ನನ್ನದು."

ಗಂಡ ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಬೈಯುತ್ತಾನೆಂದುಕೊಂಡೆ, ಬೈಯಲಿಲ್ಲ. ಕಂಟ್ರಾಕ್ಟರು ಬದುವಿನ ಸಾಲು ಬಿಟ್ಟು ಉಳಿದ ಮರಗಳ ಕಾಯಿ ಸಾಕು, ಮದುವೆಯ ಹಿಂದಿನ ದಿನ ಕೊಯ್ದು ತನ್ನಿ ಎಂದು ಹೇಳಿ ತನ್ನ ಕೆಲಸದ ಕಡೆ ಹೋದ.

ಮಾರನೆಯ ಬೆಳಿಗ್ಗೆ ಅವರ ತೋಟಕ್ಕೆ ಹೋದೆ. ಸೀಳಿದ ಕಾಯಿಗಳನ್ನೆಲ್ಲ ಕಿತ್ತು, ಉದುರಿದ್ದನ್ನೂ ಬಾಚಿ, ಸುಡಲು ದೂರದಲ್ಲಿ ಒಟ್ಟಿದೆವು. ಇನ್ನು ಬದುವಿನ ಬುಡಗಳನ್ನು ಕೆದಕಿ, ಮಣ್ಣಿನಲ್ಲಿದ್ದ ನೊಣದ ಕೋಶಗಳನ್ನು ಬಿಸಿಲಿಗೆ ಹಾಕಬೇಕಿತ್ತು. ಗಂಡ ಗುದ್ದಲಿ ಹಿಡಿದು ಬಂದು ನಿಂತ. ಎಷ್ಟು ಆಳವೆಂದು ಹೇಳಲು ನಾನು ಬಾಯಿ ತೆರೆದೆ. ಆತ ನನ್ನ ಕಡೆ ತಿರುಗಲಿಲ್ಲ.

"ಎಷ್ಟು ಆಳಕ್ಕೆ ಕೆದಕ್ಬೇಕಮ್ಮಿ?" ಎಂದು ಹೆಂಡತಿಯನ್ನು ಕೇಳಿದ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಕು ಬೆರಳು ಸಾಕು. ಬೇರು ಅವೆ, ನಿಧಾನ" ಎಂದರು.