ಕಾಯಿಲ್ ಸ್ಪ್ರಿಂಗಲ್ಲ

ಎಂಎಸ್‌ಸಿ ಮುಗಿಸಿದ ವರ್ಷವೇ ರಾಜಾಜಿನಗರದ ಒಂದು ಸಂಜೆ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತು. ಎರಡನೇ ಪಿಯುಸಿಗೆ ಫಿಸಿಕ್ಸ್ ಪಾಠ. ಎಂಬತ್ತರ ದಶಕದ ನಡುವಿನ ಮಾತು. ಆಗ ನನಗೆ ಇಪ್ಪತ್ತಮೂರು ವರ್ಷ. ಕ್ಲಾಸಿನಲ್ಲಿದ್ದ ನಲವತ್ತು ಮಂದಿಯಲ್ಲಿ ಹೆಚ್ಚಿನವರು ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಮಿಕರು. ಹಗಲೆಲ್ಲ ಲೇತ್ ಮುಂದೆ ನಿಂತು, ಸಂಜೆ ಉಗುರಿನ ಗ್ರೀಸ್ ಪೂರ್ತಿ ಹೋಗದ ಕೈಯಲ್ಲಿ ನೋಟ್ ಬುಕ್ ಹಿಡಿದು ಬರುತ್ತಿದ್ದರು. ಎಲ್ಲರಿಗಿಂತ ಚಿಕ್ಕವನಿಗೂ ನನ್ನದೇ ವಯಸ್ಸು. ಹಿಂದಿನಿಂದ ನನ್ನನ್ನು ‘ಚಿಕ್ಕ ಮೇಡಂ’ ಎಂದು ಕರೆಯುತ್ತಾರೆಂದು ನನಗೆ ಗೊತ್ತಿತ್ತು. ಅದಕ್ಕೇ ಗಂಜಿ ಹಾಕಿದ ಸೀರೆ ಉಟ್ಟು, ಮುಖಕ್ಕೂ ಅಷ್ಟೇ ಗಂಜಿ ಹಾಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದೆ. ಸಿಟ್ಟಂತೂ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿತ್ತು.

ಎರಡನೇ ಬೆಂಚಿನ ತುದಿಯಲ್ಲಿ ಮೂವತ್ತೈದು ದಾಟಿದ ಒಬ್ಬರು ಕೂರುತ್ತಿದ್ದರು. ಸ್ಪ್ರಿಂಗ್ ಮಾಡುವ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ. ಎರಡು ಹೆಣ್ಣುಮಕ್ಕಳ ತಂದೆ. ತಯಾರಾದ ಮಾಲನ್ನು ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಜಾಗವೊಂದು ಅವರ ವರ್ಕ್‌ಶಾಪಿನಲ್ಲಿ ಖಾಲಿಯಾಗುವುದಿತ್ತು. ಈ ವರ್ಷ ಪಿಯುಸಿ ಸೈನ್ಸ್ ಪಾಸಾದರೆ ಅದು ಅವರಿಗೆ, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತೇನೆ ಎಂದು ಮಾಲೀಕರು ಹೇಳಿದ್ದರು. ಇದು ಇಡೀ ಕ್ಲಾಸಿಗೆ ಗೊತ್ತಿದ್ದ ವಿಷಯ. ಸೆಕೆಂಡ್ ಶಿಫ್ಟ್ ಬಿದ್ದ ವಾರ ಅವರು ಬರುತ್ತಿರಲಿಲ್ಲ. ಬಂದ ದಿನ ಮಾತ್ರ ಎರಡೂ ಕಿವಿ ತೆರೆದುಕೊಂಡು ಕೂರುತ್ತಿದ್ದರು.

ಆ ಮಂಗಳವಾರ ಎಲ್‌ಸಿ ಸರ್ಕ್ಯೂಟಿನ ಪಾಠ. ವಿಜಯನಗರದಿಂದ ಬರುವ ಬಸ್ಸು ಕೈಕೊಟ್ಟು, ನಾನು ಏನೂ ಓದಿಕೊಳ್ಳದೆ, ಏದುಸಿರು ಬಿಡುತ್ತಾ ಕ್ಲಾಸಿಗೆ ನುಗ್ಗಿದ್ದೆ. ಎರಡು ತಟ್ಟೆಗಳ ಕೆಪಾಸಿಟರ್‌ಗೆ ಚಾರ್ಜ್ ತುಂಬಿ, ತಂತಿ ಸುತ್ತಿದ ಕಾಯಿಲ್‌ಗೆ ಜೋಡಿಸಿದರೆ ಆ ಚಾರ್ಜ್ ಇಳಿದು ಅಲ್ಲಿಗೇ ಮುಗಿಯುವುದಿಲ್ಲ. ಕಾಯಿಲ್ ಮೂಲಕ ಹರಿದು ಕೆಪಾಸಿಟರಿನ ಇನ್ನೊಂದು ತಟ್ಟೆಯಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿಂದ ಮತ್ತೆ ವಾಪಸು ಬರುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಗುಂಡು ಮೇಲೆ ಕೆಳಗೆ ಆಡುವ ಹಾಗೆಯೇ ಇದು ಎಂದೆ. ಇಲ್ಲಿಯವರೆಗೆ ಸರಿಯಿತ್ತು. ಆಮೇಲೆ ಬೋರ್ಡಿನ ಮೇಲೆ ಒಂದು ಸ್ಪ್ರಿಂಗ್ ಬರೆದೆ, ಪಕ್ಕದಲ್ಲಿ ಒಂದು ಕಾಯಿಲ್ ಬರೆದೆ. ಎರಡೂ ಒಂದೇ ತರಹ ಸುರುಳಿ ಸುರುಳಿಯಾಗಿ ಬಂದವು. ಅದನ್ನು ನೋಡಿ ನನಗೇ ಖುಷಿಯಾಗಿ, “ನೋಡಿ, ಚಿತ್ರದಲ್ಲೇ ಗೊತ್ತಾಗುತ್ತೆ. ಕಾಯಿಲ್ಲೇ ಸ್ಪ್ರಿಂಗ್, ಕೆಪಾಸಿಟರ್ರೇ ಗುಂಡು. ಬರ್ಕೊಳ್ಳಿ” ಎಂದೆ. ಮೂವತ್ತೊಂಬತ್ತು ಪೆನ್ನುಗಳು ಬರೆದುಕೊಂಡವು.

ಎರಡನೇ ಬೆಂಚಿನ ತುದಿಯ ಪೆನ್ನು ಮಾತ್ರ ನಿಂತಿತ್ತು.

“ಮೇಡಂ, ಒಂದ್ ಡೌಟು,” ಎಂದು ಅವರು ಎದ್ದು ನಿಂತರು. “ಗುಂಡು ಪೂರ್ತಿ ಕೆಳಗ್ ಬಂದಾಗ ಒಂದ್ ಗಳಿಗೆ ನಿಲ್ಲುತ್ತೆ. ಆವಾಗ ಸ್ಪ್ರಿಂಗು ಪೂರ್ತಿ ಎಳ್ಕೊಂಡಿರುತ್ತೆ, ಅಲ್ವಾ?”

“ಹೌದು.”

“ಇಲ್ಲಿ ಕರೆಂಟು ನಿಂತಿರೋ ಗಳಿಗೇಲಿ ಚಾರ್ಜೆಲ್ಲಾ ಕೆಪಾಸಿಟರಲ್ಲಿರುತ್ತೆ ಅಂದ್ರಿ. ಕಾಯಿಲಲ್ಲಿ ಏನೂ ಇರಲ್ಲ ಅಂದ್ರಿ. ಹಂಗಾದ್ರೆ ಎಳ್ಕೊಂಡಿರೋದು ಕೆಪಾಸಿಟರ್ ಅಲ್ವಾ ಮೇಡಂ? ಕಾಯಿಲ್ ಹೆಂಗೆ ಸ್ಪ್ರಿಂಗಾಗುತ್ತೆ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಶ್ನೆ ನನ್ನ ತಲೆಗೆ ಹೋಗುವ ಮುಂಚೆ ಆ ನಗು ಹೋಯಿತು. “ನೀವು ಸ್ಪ್ರಿಂಗ್ ಮಾಡೋರಿರಬಹುದು. ಇಲ್ಲಿ ಫಿಸಿಕ್ಸ್ ಹೇಳ್ಕೊಡೋಳು ನಾನು. ಕೇಳೋ ಹಾಗಿದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಬಾಗಿಲು ತೆರೆದೇ ಇದೆ,” ಎಂದುಬಿಟ್ಟೆ.

ಅವರು ಬೆಂಚಿನ ಕೆಳಗಿನ ಊಟದ ಡಬ್ಬಿ ಎತ್ತಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಹೊರಟುಹೋದರು.

ಮಾರನೆಯ ಬೆಳಿಗ್ಗೆ ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ, ಅವರದು ತಪ್ಪೆಂದು ತೋರಿಸುವ ಹುಮ್ಮಸ್ಸಿನಲ್ಲಿ ಎರಡು ಸಮೀಕರಣಗಳನ್ನು ಒಂದರ ಕೆಳಗೊಂದು ಬರೆದೆ. ಮೇಲೆ ಗುಂಡಿನದು, ಕೆಳಗೆ ಸರ್ಕ್ಯೂಟಿನದು. ಗುಂಡಿನ ತೂಕ ನಿಂತ ಜಾಗದಲ್ಲಿ ಕೆಳಗೆ ನಿಂತಿದ್ದುದು ಕಾಯಿಲ್. ಸ್ಪ್ರಿಂಗಿನ ಬಿಗಿ ನಿಂತ ಜಾಗದಲ್ಲಿ ಕೆಪಾಸಿಟರ್, ಅದೂ ತಲೆಕೆಳಗಾಗಿ: ಅದರ ಅಳತೆಯಾದ ಸಿ ಒಂದರ ಕೆಳಗೆ ಕೂತಿತ್ತು, ಅದು ದೊಡ್ಡದಾದಷ್ಟೂ ಬಿಗಿ ಕಡಿಮೆ. ಭಾರದ ಗುಂಡು ಬೇಗ ಹೊರಡುವುದಿಲ್ಲ, ಹೊರಟರೆ ಬೇಗ ನಿಲ್ಲುವುದಿಲ್ಲ. ಕಾಯಿಲ್ ಕರೆಂಟಿಗೆ ಮಾಡುವುದೂ ಅದನ್ನೇ. ಎಂಎಸ್‌ಸಿಯಲ್ಲಿ ಈ ಸಮೀಕರಣವನ್ನು ನೂರು ಸಲ ಬಿಡಿಸಿದ್ದೆ, ಒಂದು ಸಲವೂ ನೋಡಿರಲಿಲ್ಲ. ಅವರು ಹೇಳಿದ್ದೇ ಸರಿಯಾಗಿತ್ತು.

ಆ ಸಂಜೆಯೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬುಧವಾರವೂ ಗುರುವಾರವೂ ಏನೂ ಆಗದವಳಂತೆ ಮುಂದಿನ ಪಾಠ ಮಾಡಿದೆ. ಎರಡನೇ ಬೆಂಚಿನ ತುದಿ ಎರಡು ದಿನವೂ ಖಾಲಿಯಿತ್ತು. ನನ್ನ ಹೇಡಿತನಕ್ಕೆ ಅದರಿಂದ ಅನುಕೂಲವೇ ಆಯಿತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಗುರುವಾರ ಕ್ಲಾಸು ಮುಗಿದ ಮೇಲೆ ನಮ್ಮ ವಿಭಾಗದ ಮುಖ್ಯಸ್ಥರು ಕರೆದರು. ನಿವೃತ್ತಿಗೆ ಹತ್ತಿರವಾಗಿದ್ದ, ನಶ್ಯದ ಡಬ್ಬಿ ಇಲ್ಲದೆ ಮಾತೇ ಹೊರಡದ ಮನುಷ್ಯ. ಹಾಜರಾತಿ ಕಡಿಮೆಯಿದ್ದವರ ಪಟ್ಟಿ ಅವರ ಮುಂದಿತ್ತು. ಅದರಲ್ಲಿ ಹೆಸರಿದ್ದವರು ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ.

“ಶನಿವಾರ ಬೆಳಿಗ್ಗೆ ಇದು ಕಳಿಸ್ಬೇಕು. ನಿಮ್ಮ ಸ್ಪ್ರಿಂಗಿನವರು ಅಂಚಿನಲ್ಲಿದ್ದಾರೆ ಕಣಮ್ಮ. ನಾಳೆ ಬಂದ್ರೆ ಉಳ್ಕೋತಾರೆ, ತಪ್ಪಿಸಿಕೊಂಡ್ರೆ ಹೋಯ್ತು. ನೀವೇನೋ ಹೊರಗೆ ಕಳಿಸಿದ್ರಂತಲ್ಲ?”

“ಹೌದು ಸಾರ್.”

“ತಪ್ಪು ಯಾರ್ದು?”

“ನಂದು ಸಾರ್.”

ಅವರು ಒಂದು ಚಿಟಿಕೆ ನಶ್ಯ ಏರಿಸಿ, “ಹಂಗಾದ್ರೆ ಹೋಗಿ ಕರ್ಕೊಂಡ್ ಬನ್ನಿ,” ಎಂದರು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ವರ್ಕ್‌ಶಾಪ್ ಹುಡುಕಿಕೊಂಡು ಹೋದೆ. ತಗಡಿನ ಸೂರು, ಎಣ್ಣೆಯ ವಾಸನೆ, ಮೂಲೆಯಲ್ಲಿ ಬೆರಳುದ್ದದಿಂದ ಮೊಣಕಾಲೆತ್ತರದವರೆಗಿನ ಸ್ಪ್ರಿಂಗುಗಳ ರಾಶಿ. ನನ್ನ ಗಂಜಿ ಸೀರೆ ನೋಡಿ ಮಷೀನುಗಳು ಒಂದೊಂದಾಗಿ ನಿಂತವು. ಅವರು ಕೈ ಒರೆಸಿಕೊಳ್ಳುತ್ತಾ ಬಂದರು.

“ಮಂಗಳವಾರ ನೀವು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು. ಕೋಪ ಮಾಡ್ಕೊಂಡಿದ್ದೂ ತಪ್ಪು,” ಎಂದು ಬಾಯಿಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿದೆ. “ಇವತ್ತು ಬರ್ಲಿಲ್ಲಾಂದ್ರೆ ಪರೀಕ್ಷೆಗೆ ಬಿಡಲ್ಲ. ದಯವಿಟ್ಟು ಬನ್ನಿ.”

ಅವರು ಸ್ಟೂಲು ಎಳೆದು ಹಾಕಿದರು, ಟೀ ತರಿಸಿದರು. ಆಮೇಲೆ ನಿಧಾನವಾಗಿ, “ನಂಗೇನೋ ಗೊತ್ತಾಯ್ತು ಮೇಡಂ. ಆದ್ರೆ ಅಲ್ಲಿ ಅಷ್ಟೂ ಜನ ಕಾಯಿಲ್ಲೇ ಸ್ಪ್ರಿಂಗ್ ಅಂತ ಬರ್ಕೊಂಡಿದಾರೆ. ಪರೀಕ್ಷೇಲೂ ಅದನ್ನೇ ಬರೀತಾರೆ. ಎಲ್ರೂ ನನ್ನಂಗೇ ಡ್ಯೂಟಿ ಮುಗಿಸ್ಕೊಂಡು ಬರೋರು,” ಎಂದರು.

ಷರತ್ತು ಹಾಕಿದ್ದಲ್ಲ, ಕೊಂಕೂ ಅಲ್ಲ. ನಿಜವಾಗಿಯೂ ಅವರಿಗೆ ಅದೇ ಚಿಂತೆಯಾಗಿತ್ತು. ನಾನು ಟೀ ಲೋಟ ಕೆಳಗಿಟ್ಟೆ. “ಇವತ್ತೇ ಹೇಳ್ತೀನಿ,” ಎಂದೆ. ಅರ್ಜೆಂಟ್ ಆರ್ಡರ್ ಒಂದಿದೆ, ಆದಷ್ಟು ಬೇಗ ಬರಲು ನೋಡುತ್ತೇನೆ ಎಂದರು.

ಸಂಜೆ ಲ್ಯಾಬಿನಿಂದ ಎರಡು ಟ್ಯೂಬ್‌ಲೈಟ್ ಚೋಕು, ಒಂದೇ ಅಳತೆಯ ನಾಲ್ಕೈದು ಪೇಪರ್ ಕೆಪಾಸಿಟರ್, ಒಂಬತ್ತು ವೋಲ್ಟಿನ ಬ್ಯಾಟರಿ, ಕಾಲೇಜ್ ಡೇಗೆ ಬಳಸುವ ಆಂಪ್ಲಿಫೈಯರು, ಡಬ್ಬದ ಸ್ಪೀಕರು ಎಲ್ಲ ಹೊತ್ತುಕೊಂಡು ಕ್ಲಾಸಿಗೆ ಹೋದೆ. ಚೋಕ್ ಎಂದರೆ ಕಬ್ಬಿಣಕ್ಕೆ ಸುತ್ತಿದ ಕಾಯಿಲ್ಲೇ. ಎರಡನೇ ಬೆಂಚಿನ ತುದಿ ಖಾಲಿ. ಹಾಜರಿ ಕೂಗಲಿಲ್ಲ. ಬಾಗಿಲು ತೆರೆದೇ ಇಟ್ಟೆ.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಕಾಯಿಲ್ ಸ್ಪ್ರಿಂಗಲ್ಲ. “ಮಂಗಳವಾರ ನಾನು ತಪ್ಪು ಬರೆಸಿದೆ. ಅದನ್ನ ಹೊಡೆದುಹಾಕಿ. ಕಾಯಿಲ್ಲೇ ಗುಂಡು, ಕೆಪಾಸಿಟರ್ರೇ ಸ್ಪ್ರಿಂಗ್. ಕೇಳಿದವರನ್ನ ಹೊರಗೆ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು.” ಯಾರೂ ಕಿಸಕ್ಕೆನ್ನಲಿಲ್ಲ. ಪೆನ್ನುಗಳು ಪರಪರನೆ ಗೀಚುವ ಸದ್ದು ಮಾತ್ರ ಕೇಳಿಸಿತು.

ಬ್ಯಾಟರಿಯಿಂದ ಕೆಪಾಸಿಟರ್‌ಗೆ ಚಾರ್ಜ್ ತುಂಬಿ, ಸ್ವಿಚ್ಚಿನಂಥ ಕೀ ತಿರುಗಿಸಿ ಚೋಕಿಗೆ ಜೋಡಿಸಿದೆ. ಸ್ಪೀಕರಿನಲ್ಲಿ ‘ಟಿಣ್’ ಎಂದು ತಬಲಕ್ಕೆ ಬೆರಳು ತಗುಲಿದಂಥ ಸದ್ದು ಬಂದು ಆರಿಹೋಯಿತು. ತಂತಿಯಲ್ಲಿ ಸ್ವಲ್ಪ, ಕಬ್ಬಿಣದಲ್ಲಿ ಸ್ವಲ್ಪ ಶಕ್ತಿ ಶಾಖವಾಗಿ ಹೋಗುವುದರಿಂದ ಅದು ಬಹಳ ಹೊತ್ತು ಆಡುವುದಿಲ್ಲ ಎಂದೆ. ಇನ್ನೊಂದು ಚೋಕನ್ನು ಸಾಲಿನಲ್ಲಿ ಸೇರಿಸಿದೆ. ಸದ್ದಿನ ಶ್ರುತಿ ತಗ್ಗಿತು. “ಗುಂಡು ಭಾರ ಆಯ್ತು, ನಿಧಾನ ಆಯ್ತು,” ಎಂದು ಕ್ಲಾಸೇ ಹೇಳಿತು.

ಆ ಚೋಕನ್ನು ತೆಗೆದು, “ಈಗ ಕೆಪಾಸಿಟರ್ ಪಕ್ಕಕ್ಕೇ ಇನ್ನೊಂದು ಕೆಪಾಸಿಟರ್ ಜೋಡಿಸ್ತೀನಿ. ಏನಾಗುತ್ತೆ?” ಎಂದು ಕೇಳಿದೆ.

“ಎರಡು ಸ್ಪ್ರಿಂಗ್ ಆಯ್ತಲ್ಲ ಮೇಡಂ, ಬಿಗಿ ಜಾಸ್ತಿ. ಶ್ರುತಿ ಏರುತ್ತೆ,” ಎಂದರು ಹತ್ತು ಜನ ಒಟ್ಟಿಗೆ. ಕೀ ತಿರುಗಿಸಿದೆ. ಶ್ರುತಿ ಇಳಿಯಿತು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಈ ಸಲ ಎಲ್ಲರೂ ತಮ್ಮನ್ನು ತಾವೇ ನೋಡಿ ನಗುತ್ತಿದ್ದರು, ನಾನೂ ನಕ್ಕೆ.

“ಒಂದರ ಕೆಳಗೊಂದು ತಗಲಿಸ್ದಂಗೆ ಕಣ್ರೋ,” ಎಂದು ಬಾಗಿಲಿನಿಂದ ದನಿ ಬಂತು. ಸ್ಪ್ರಿಂಗಿನವರು. ಬೆವರಿಳಿಯುತ್ತಿತ್ತು, ಅಂಗಿಯ ತೋಳಿಗೆ ಎಣ್ಣೆ ಮೆತ್ತಿತ್ತು. “ಅಕ್ಕಪಕ್ಕ ಹಾಕಿದ್ರೆ ಬಿಗಿಯಾಗುತ್ತೆ. ಒಂದರ ತುದಿಗೆ ಇನ್ನೊಂದು ಹಾಕಿದ್ರೆ ಅದೇ ತೂಕಕ್ಕೆ ಎರಡೂ ಎಳ್ಕೊಳ್ತವೆ, ಸಡಿಲ ಆಗುತ್ತೆ. ಹಂಗೇ ಅಲ್ವಾ ಮೇಡಂ? ಅದೇ ವೋಲ್ಟೇಜಿಗೆ ಎರಡರಲ್ಲೂ ಚಾರ್ಜ್ ತುಂಬ್ಕೊಳ್ಳುತ್ತೆ.”

“ಹಂಗೇ. ಒಳಗೆ ಬಂದು ಕೂತ್ಕೊಳ್ಳಿ.”

ಕೂತರು. ಎರಡೇ ನಿಮಿಷಕ್ಕೆ ಮತ್ತೆ ಎದ್ದರು. ಹಿಂದಿನ ಬೆಂಚಿನವರು ನನ್ನ ಮುಖ ನೋಡಿದರು.

“ನಾವ್ ಮಾಡೋ ಸ್ಪ್ರಿಂಗಿಗೂ ಅದರದೇ ಒಂದಿಷ್ಟು ತೂಕ ಇರುತ್ತೆ ಮೇಡಂ. ಗುಂಡು ಕಟ್ಟದೇ ಇದ್ರೂ ಅದು ಆಡುತ್ತೆ. ಹಂಗೇ ಕಾಯಿಲಲ್ಲೂ ಒಂಚೂರು ಸ್ಪ್ರಿಂಗು ಇರಬಹುದಾ? ಕೆಪಾಸಿಟರ್ ಇಲ್ದೇನೇ ಆಡಬಹುದಾ?”

ಮಂಗಳವಾರದ ಸಿಟ್ಟು ಮೂಗಿನವರೆಗೆ ಬಂದು ಅಲ್ಲೇ ನಿಂತಿತು. “ನಂಗೆ ಗೊತ್ತಿಲ್ಲ. ಓದ್ಕೊಂಡು ಬಂದು ಸೋಮವಾರ ಹೇಳ್ತೀನಿ,” ಎಂದೆ. ಟೀಚರಾದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನೆಲವೇನೂ ಬಾಯಿ ಬಿಡಲಿಲ್ಲ. ಅವರು “ಆಯ್ತು ಮೇಡಂ” ಎಂದು ಪ್ರಶ್ನೆಯನ್ನು ಬರೆದಿಟ್ಟುಕೊಂಡರು. ಆಡಬಹುದು ಎಂಬುದು ಭಾನುವಾರ ಒಂದು ದಪ್ಪ ಪುಸ್ತಕದಲ್ಲಿ ಸಿಕ್ಕಿತು. ಕಾಯಿಲಿನ ಸುತ್ತುಗಳ ನಡುವೆಯೇ ಒಂದಿಷ್ಟು ಕೆಪಾಸಿಟರ್ ಗುಣ ಅಡಗಿರುತ್ತದೆ.

ಆ ಶುಕ್ರವಾರ ಅವರು ಎದ್ದು ಬಂದು, “ಹಾಜರಿ ಆಗ್ಹೋಯ್ತಾ ಮೇಡಂ? ಬಸ್ ಸಿಗ್ಲಿಲ್ಲ, ಓಡ್ಕೊಂಡೇ ಬಂದೆ,” ಎಂದು ಮೆಲ್ಲಗೆ ಕೇಳಿದಾಗ ಬೆಲ್ಲಿಗೆ ಐದು ನಿಮಿಷವಿತ್ತು.

ನಾನು ಪುಸ್ತಕ ಬಿಡಿಸಿ ಒಂದನೇ ನಂಬರಿನಿಂದ ಕೂಗತೊಡಗಿದೆ. ಮೂವತ್ತೊಂದು ಎಂದಾಗ ಇಡೀ ವರ್ಷ ‘ಪ್ರೆಸೆಂಟ್’ ಎನ್ನುತ್ತಿದ್ದ ಅವರು “ಇದೀನಿ ಮೇಡಂ” ಎಂದರು. ನಾನು ಅವರ ಹೆಸರಿನ ಮುಂದೆ ಹಾಜರಿ ಗುರುತು ಹಾಕಿ, ಮೂವತ್ತೆರಡು ಎಂದು ಕೂಗಿದೆ.