ಹುಬ್ಬಿಗಿಂತ ಒಂದು ಬೆರಳು ಕೆಳಗೆ

ಲಕ್ಷ್ಮೀಪುರಂನಲ್ಲಿ ರವಿಕೆ ಹೊಲಿಯುತ್ತಿದ್ದ ಪದ್ಮಾಸನಮ್ಮನ ಕತ್ತರಿಗೆ ಬೀದಿಯ ಹುಡುಗಿಯರ ಮುಂಗೂದಲೂ ಒಲಿದಿತ್ತು. ಆ ದಿನ ಪಕ್ಕದ ಮನೆಯ ರುಕ್ಮಿಣಿ ಎಣ್ಣೆಸ್ನಾನ ಮುಗಿಸಿ, ನೀರು ತೊಟ್ಟಿಕ್ಕುವ ತಲೆಯಲ್ಲೇ ಓಡಿಬಂದಳು. ಸಂಜೆ ಕಾಲೇಜಿನ ಗೆಳತಿಯರ ಜೊತೆ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಳ್ಳುವುದಿತ್ತು.

"ಹುಬ್ಬಿನ ಮಟ್ಟಕ್ಕೆ ಕತ್ತರಿಸಿಬಿಡಿ, ಅತ್ತೆ!"

"ಒದ್ದೆ ಕೂದಲು ಉದ್ದ ಕಾಣುತ್ತೆ ಕಣೇ, ಒಣಗಿದ್ರೆ ಮೇಲಕ್ಕೇರುತ್ತೆ. ಹೋಗು, ಬಿಸಿಲಲ್ಲಿ ಕೂತ್ಕೊ."

ರುಕ್ಮಿಣಿ ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಳು. ಕೂದಲು ಒಣಗಿದ ಮೇಲೆ ಪದ್ಮಾಸನಮ್ಮ ಮುಂಗೂದಲನ್ನು ಮೂರು ಪಾಲು ಮಾಡಿ, ಎರಡು ಬದಿಯದಕ್ಕೂ ಪಿನ್ನು ಹಾಕಿದಳು. ನಡುವಿನದನ್ನು ಬಿಗಿಯಾಗಿ ಎಳೆಯದೆ ಬೆರಳ ಸಂದಿಯಲ್ಲಿ ಹಿಡಿದು, ಹುಬ್ಬಿಗಿಂತ ಒಂದು ಬೆರಳು ಕೆಳಗೆ ನೇರವಾಗಿ ಕತ್ತರಿಸಿದಳು. ಬದಿಯ ಪಾಲುಗಳನ್ನು ಅದರ ಅಳತೆಗೇ ತಂದಳು. ಆಮೇಲೆ ಬಾಚಿ ಬಾಚಿ ನೋಡುತ್ತಾ, ಚೂರು ಚೂರೇ ತೆಗೆದು ಹುಬ್ಬಿನ ಮಟ್ಟಕ್ಕೆ ನಿಲ್ಲಿಸಿದಳು.

ಕನ್ನಡಿ ನೋಡಿ ಹಿಗ್ಗಿದ ರುಕ್ಮಿಣಿಯ ಕಣ್ಣು ಗೋಡೆಯಲ್ಲಿದ್ದ ಪದ್ಮಾಸನಮ್ಮನ ಮದುವೆ ಫೋಟೊದ ಮೇಲೆ ಬಿತ್ತು. ಮದುಮಗಳ ಹಣೆಯ ಮೇಲೆ ಗಿಡ್ಡ ಕೂದಲು ಬ್ರಷ್ಷಿನ ಹಾಗೆ ನೆಟ್ಟಗೆ ನಿಂತಿತ್ತು.

"ಇದ್ಯಾಕತ್ತೆ ಹೀಗೆ?"

"ಮಂಗಳಸ್ನಾನ ಆದ ಕೂಡ್ಲೇ ನಾನೇ ಕತ್ತರಿಸಿಕೊಂಡೆ," ಎಂದು ಪದ್ಮಾಸನಮ್ಮ ನಕ್ಕಳು. "ತಾಳಿ ಕಟ್ಟೋ ಹೊತ್ತಿಗೆ ಒಣಗ್ತು."